ಎರಡನೇ ಪತ್ರಿಕೆಗೆ ಆರು ವಾರ

ಕೇಳುಗರಿಗೆ ನಮಸ್ಕಾರ. ಕೆಎಎಸ್ ಪೂರ್ವಭಾವಿ ಪರೀಕ್ಷೆಗೆ ಓದುತ್ತಿರುವವರ ಜೊತೆ, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಜೊತೆ, ಕೊನೆಯ ಆರು ವಾರಗಳ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ. ಎರಡು ಪತ್ರಿಕೆಗಳಲ್ಲಿ ಇವತ್ತು ನಾನು ಎತ್ತಿಕೊಳ್ಳುವುದು ಎರಡನೆಯದನ್ನು ಮಾತ್ರ. ನೂರು ಪ್ರಶ್ನೆ, 200 ಅಂಕ, ಎರಡು ಗಂಟೆ. ನಮ್ಮ ರಾಜ್ಯಕ್ಕೆ ಸಂಬಂಧಿಸಿದ್ದು 40 ಪ್ರಶ್ನೆ, ವಿಜ್ಞಾನ ಮತ್ತು ಪರಿಸರ 30, ಮಾನಸಿಕ ಸಾಮರ್ಥ್ಯ 30. ತಪ್ಪು ಉತ್ತರಕ್ಕೆ ಅರ್ಧ ಅಂಕ ಹೋಗುತ್ತದೆ.

ಮೊದಲನೇ ವಾರ ಹೊಸ ಪುಸ್ತಕ ತೆರೆಯಬೇಡಿ. ಒಂದು ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಂಡು, ಮಧ್ಯಾಹ್ನ ಊಟವಾದ ಮೇಲೆ ಗಡಿಯಾರ ಇಟ್ಟುಕೊಂಡು ಬರೆಯಿರಿ. ಬರೆಯುವಾಗ ಪ್ರತಿ ಪ್ರಶ್ನೆಯ ಪಕ್ಕದಲ್ಲೂ ಒಂದು ಗುರುತು ಹಾಕಿ. ಖಚಿತವಾಗಿ ಗೊತ್ತಿದ್ದರೆ ಸರಿ ಗುರುತು, ಎರಡು ಆಯ್ಕೆಗಳ ನಡುವೆ ತೂಗಿ ಹಾಕಿದ್ದರೆ ಅಡ್ಡಗೆರೆ, ಏನೂ ತೋಚದೆ ಹಾಕಿದ್ದರೆ ಸೊನ್ನೆ. ಅಂಕ ಎಷ್ಟು ಬಂತು ಎನ್ನುವುದಕ್ಕಿಂತ ಆ ಅಂಕ ಎಲ್ಲಿಂದ ಬಂತು, ಎಲ್ಲಿ ಸೋರಿತು ಎಂಬುದನ್ನು ಈ ಗುರುತುಗಳು ಹೇಳುತ್ತವೆ.

ಒಂದು ಉತ್ತರಪತ್ರಿಕೆಯನ್ನು ಉದಾಹರಣೆಗೆ ಬಿಡಿಸಿ ನೋಡೋಣ. 88 ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ. ಖಚಿತ ಎಂದು ಹಾಕಿದ್ದು 46, ಅದರಲ್ಲಿ 41 ಸರಿ. ಎರಡರ ನಡುವೆ ತೂಗಿದ್ದು 24, ಸರಿಯಾದದ್ದು 13. ತೋಚದೆ ಹಾಕಿದ್ದು 18, ಸರಿಯಾದದ್ದು ಮೂರೇ ಮೂರು. ಒಟ್ಟು 98.5 ಅಂಕ. ಮಧ್ಯದ ಗುಂಪಿನಿಂದ, ಕಳೆದದ್ದನ್ನು ಕಳೆದ ಮೇಲೂ 20.5 ಅಂಕ ಕೈಗೆ ಬಂದಿದೆ. ಎರಡಕ್ಕೆ ಇಳಿಸಿಕೊಂಡ ಪ್ರಶ್ನೆಯನ್ನು ಹೆದರಿ ಬಿಟ್ಟುಬಿಡುವವರು ಈ ಅಂಕವನ್ನು ಸುಮ್ಮನೆ ಬಿಟ್ಟುಕೊಡುತ್ತಾರೆ. ತೋಚದೆ ಹಾಕಿದ 18ರಿಂದ ಮಾತ್ರ ಒಂದೂವರೆ ಅಂಕ ನಷ್ಟ. ಐದರಲ್ಲಿ ಒಂದು ಸರಿಯಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಾಲ್ಕು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಹಾಕಿದರೂ ಸರಾಸರಿ ನಾಲ್ಕರಲ್ಲಿ ಒಂದು ಸರಿಯಾಗಬೇಕಲ್ಲ ಎಂದು ನೀವು ಕೇಳಬಹುದು. ಆದರೆ ನಾವು ನಿಜವಾಗಿ ಕಣ್ಣು ಮುಚ್ಚಿ ಹಾಕುವುದಿಲ್ಲ. ಎಲ್ಲೋ ಕೇಳಿದ ಹೆಸರಿನ ಕಡೆಗೆ ಕೈ ಹೋಗುತ್ತದೆ, ಪ್ರಶ್ನೆ ತೆಗೆಯುವವರು ಆ ಹೆಸರನ್ನು ಅಲ್ಲಿ ಇಟ್ಟಿರುವುದೇ ಅದಕ್ಕಾಗಿ. ಹಾಗಾಗಿ ಹಾಕಬೇಕೋ ಬಿಡಬೇಕೋ ಎಂದು ಬೇರೆಯವರನ್ನು ಕೇಳಬೇಡಿ. ನಿಮ್ಮದೇ ಮೂರ್ನಾಲ್ಕು ಪತ್ರಿಕೆಗಳ ಸೊನ್ನೆಗಳನ್ನು ಕೂಡಿಸಿ ನೋಡಿ ನಿರ್ಧರಿಸಿ.

ಇನ್ನು, ಖಚಿತ ಎಂದುಕೊಂಡು ತಪ್ಪಿದ ಆ ಐದು. ನನಗೆ ಅತಿ ಹೆಚ್ಚು ಚಿಂತೆ ಇವುಗಳದ್ದೇ, ಏಕೆಂದರೆ ಅನುಮಾನವೇ ಇಲ್ಲದ ವಿಷಯವನ್ನು ಯಾರೂ ಮತ್ತೆ ತೆರೆದು ನೋಡುವುದಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಂಡು ಇವುಗಳನ್ನು ಮೊದಲ ಪುಟದಲ್ಲಿ ಬರೆಯಿರಿ.

ಎರಡನೇ ಮತ್ತು ಮೂರನೇ ವಾರ ಮಾನಸಿಕ ಸಾಮರ್ಥ್ಯಕ್ಕೆ. ಕಲಾ ವಿಭಾಗದಲ್ಲಿ ಓದಿದವರು ಗಣಿತ ನಮಗಲ್ಲ ಎಂದು ಈ 60 ಅಂಕಗಳನ್ನು ಬದಿಗಿಡುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇದರ ಮಟ್ಟ ಎಸ್‌ಎಸ್‌ಎಲ್‌ಸಿಯದು. ಶೇಕಡಾ, ಅನುಪಾತ, ಕಾಲ ಮತ್ತು ಕೆಲಸ, ಸಂಖ್ಯಾಸರಣಿ, ದಿಕ್ಕು, ರಕ್ತಸಂಬಂಧ, ಇಷ್ಟನ್ನು ಹಿಡಿದರೆ ಸಾಕಷ್ಟು ದೂರ ಬಂದಂತೆ. ಭಿನ್ನರಾಶಿ ಕಂಡರೆ ಕೈ ನಡುಗುವವರಿಗೆ ಒಂದು ದಾರಿ ಹೇಳುತ್ತೇನೆ. ಒಂದು ಕೆಲಸವನ್ನು ಒಬ್ಬರು 12 ದಿನದಲ್ಲಿ, ಇನ್ನೊಬ್ಬರು 6 ದಿನದಲ್ಲಿ ಮುಗಿಸುತ್ತಾರೆ, ಇಬ್ಬರೂ ಸೇರಿದರೆ ಎಷ್ಟು ದಿನ? ಒಟ್ಟು ಕೆಲಸ 12 ಪಾಲು ಎಂದಿಟ್ಟುಕೊಳ್ಳಿ. ಮೊದಲನೆಯವರದು ದಿನಕ್ಕೆ ಒಂದು ಪಾಲು, ಎರಡನೆಯವರದು ಎರಡು. ಕೂಡಿದರೆ ಮೂರು. ಹನ್ನೆರಡನ್ನು ಮೂರರಿಂದ ಭಾಗಿಸಿದರೆ ನಾಲ್ಕು ದಿನ. ಭಿನ್ನರಾಶಿ ಬರಲೇ ಇಲ್ಲ. ದಿನಕ್ಕೆ ಮುಕ್ಕಾಲು ಗಂಟೆ, ಒಂದು ಬಗೆಯ ಲೆಕ್ಕವನ್ನೇ ಹಿಡಿದು, ಕೈಯಿಂದ ಬರೆದು ಬಿಡಿಸಿ. ವಿಡಿಯೋದಲ್ಲಿ ಬೇರೆಯವರು ಬಿಡಿಸುವುದನ್ನು ನೋಡಿದರೆ ಅರ್ಥವಾದ ಹಾಗೆ ಇರುತ್ತದೆ, ಪರೀಕ್ಷೆಯಲ್ಲಿ ಪೆನ್ನು ಓಡುವುದಿಲ್ಲ. ಎರಡು ನಿಮಿಷ ಕಳೆದರೂ ದಾರಿ ಕಾಣದಿದ್ದರೆ ಮುಂದಿನ ಲೆಕ್ಕಕ್ಕೆ ಹೋಗಿ, ಇದೂ ಅಭ್ಯಾಸದಿಂದಲೇ ಬರಬೇಕು.

ನಾಲ್ಕನೇ ವಾರ ಕರ್ನಾಟಕದ ಭಾಗ. ಇಲ್ಲಿ ತಪ್ಪಾಗುವುದು ಗೊತ್ತಿಲ್ಲದೆ ಅಲ್ಲ, ಗೊತ್ತಿರುವ ಎರಡು ಒಂದಕ್ಕೊಂದು ಬೆರೆತುಹೋಗಿ. ಹಿಡಕಲ್ ಅಣೆಕಟ್ಟು ಘಟಪ್ರಭೆಗೆ, ನವಿಲುತೀರ್ಥ ಮಲಪ್ರಭೆಗೆ. ಬೇರೆ ಬೇರೆ ದಿನ ಓದಿದರೆ ಇವು ಅದಲುಬದಲಾಗುತ್ತವೆ, ಒಂದೇ ಪುಟದಲ್ಲಿ ಎದುರುಬದುರು ಬರೆದರೆ ಆಗುವುದಿಲ್ಲ. ಹಿಂದುಳಿದ ವರ್ಗಗಳ ವಿಷಯವೂ ಹಾಗೆಯೇ. ಮಿಲ್ಲರ್ ಸಮಿತಿ ನೇಮಕವಾದದ್ದು 1918ರಲ್ಲಿ, ಮೈಸೂರು ಅರಸರ ಕಾಲ. ನಾಗನಗೌಡ ಸಮಿತಿ 1960ರಲ್ಲಿ, ಏಕೀಕರಣವಾದ ಮೇಲೆ. ಹಾವನೂರು ಆಯೋಗ 1972ರಲ್ಲಿ, ದೇವರಾಜ ಅರಸು ಅವರ ಕಾಲದಲ್ಲಿ ನೇಮಕವಾಗಿ 1975ರಲ್ಲಿ ವರದಿ ಕೊಟ್ಟಿತು. ಈ ನಾಲ್ಕು ಇಸವಿಗಳನ್ನು ಒಂದೇ ಸಾಲಿನಲ್ಲಿ ಬರೆದು, ಕೆಳಗೆ ಆಗ ಅಧಿಕಾರ ಯಾರದಿತ್ತು ಎಂದು ಬರೆಯಿರಿ. ನೇಮಕದ ವರ್ಷವೋ ವರದಿಯ ವರ್ಷವೋ ಎಂದು ಪ್ರಶ್ನೆಯಲ್ಲಿ ಎರಡು ಸಲ ಓದಿ. ರಾಜ್ಯದ ಆರ್ಥಿಕ ಸಮೀಕ್ಷೆಯನ್ನು ಪೂರ್ತಿ ಓದಲು ಈಗ ಹೊತ್ತಿಲ್ಲ, ಸಾರಾಂಶದ ಅಧ್ಯಾಯ ನೋಡಿದರೆ ಸಾಕು. ವಿಜ್ಞಾನಕ್ಕೆ ಹಳೆಯ ಟಿಪ್ಪಣಿಗಳನ್ನೇ ತಿರುವಿಹಾಕಿ.

ಐದನೇ ವಾರ ಎರಡೂ ಪತ್ರಿಕೆಗಳನ್ನು ಒಂದೇ ದಿನ ಬರೆಯಿರಿ, ಒಂದು ಬೆಳಿಗ್ಗೆ, ಇನ್ನೊಂದು ಮಧ್ಯಾಹ್ನ. ಬೆಳಗಿನ ಪತ್ರಿಕೆ ದಣಿಸಿದ ಮೇಲೆ ಲೆಕ್ಕದ ವೇಗ ಎಷ್ಟು ಕುಗ್ಗುತ್ತದೆ ಎಂದು ಆಗ ಮಾತ್ರ ತಿಳಿಯುತ್ತದೆ. ಸಮಯವನ್ನು ನಾನು ಹೀಗೆ ಹಂಚಲು ಹೇಳುತ್ತೇನೆ: ಕರ್ನಾಟಕಕ್ಕೆ 25 ನಿಮಿಷ, ವಿಜ್ಞಾನಕ್ಕೆ 25, ಮಾನಸಿಕ ಸಾಮರ್ಥ್ಯಕ್ಕೆ 55, ಉಳಿದ 15 ಒಎಂಆರ್ ಹಾಳೆಗೆ. ವೃತ್ತಗಳನ್ನು ಕೊನೆಗೆ ಒಟ್ಟಿಗೆ ತುಂಬುತ್ತೇನೆ ಎಂದುಕೊಳ್ಳಬೇಡಿ. ಹತ್ತು ಪ್ರಶ್ನೆ ಮುಗಿದಾಗ ಹತ್ತು ತುಂಬಿ, ಹನ್ನೊಂದನೆಯದಕ್ಕೆ ಹೋಗುವ ಮೊದಲು ಸಂಖ್ಯೆ ನೋಡಿ. ಒಂದು ಸಾಲು ತಪ್ಪಿದರೆ ಮುಂದಿನವೆಲ್ಲ ತಪ್ಪುತ್ತವೆ.

ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನು ರೂಢಿ ಮಾಡಿಕೊಳ್ಳಬೇಕು. 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದದ ತಪ್ಪುಗಳು ಹೊರಬಂದು, ಡಿಸೆಂಬರ್ 29ರಂದು ಮತ್ತೆ ಪರೀಕ್ಷೆ ನಡೆಸಬೇಕಾಯಿತು. ಕನ್ನಡದಲ್ಲಿ ಬರೆಯುವವರಿಗೆ ಸರಿಯಾದ ಕನ್ನಡದ ಪ್ರಶ್ನೆ ಸಿಗಬೇಕಾದದ್ದು ಹಕ್ಕು. ಆದರೂ ಪರೀಕ್ಷಾ ಕೊಠಡಿಯಲ್ಲಿ ಕೂತಾಗ, ಕನ್ನಡದ ವಾಕ್ಯ ತೊಡಕಾಗಿ ಕಂಡರೆ ಪಕ್ಕದ ಇಂಗ್ಲಿಷ್ ವಾಕ್ಯದ ಮೇಲೆ ಕಣ್ಣು ಹಾಯಿಸಿ. ಮುಖ್ಯವಾಗಿ "ಸರಿ" ಮತ್ತು "ಸರಿಯಲ್ಲದ" ಎಂಬಲ್ಲಿ, ಜೋಡಿಸುವ ಪ್ರಶ್ನೆಗಳಲ್ಲಿ, ವಿಜ್ಞಾನದ ಪಾರಿಭಾಷಿಕ ಪದಗಳಲ್ಲಿ. ಈ ವಾರದ ಎಲ್ಲ ಪತ್ರಿಕೆಗಳನ್ನೂ ಹೀಗೆಯೇ ಓದಿ ಅಭ್ಯಾಸ ಮಾಡಿ.

ಆರನೇ ವಾರ ಕೈಯಲ್ಲಿ ಇರಬೇಕಾದದ್ದು ನಿಮ್ಮ ನೋಟ್‌ಬುಕ್ ಒಂದೇ. ಮೊದಲ ಪುಟದ ಆ ಖಚಿತ ತಪ್ಪುಗಳಿಂದ ಶುರು ಮಾಡಿ, ಎದುರುಬದುರು ಬರೆದ ಪುಟಗಳಿಗೆ ಬನ್ನಿ. ಉತ್ತರ ಮುಚ್ಚಿಟ್ಟು, ನೀವೇ ಹೇಳಿ, ಆಮೇಲೆ ತೆರೆದು ನೋಡಿ. ದಿನಕ್ಕೆ ಹತ್ತು ಲೆಕ್ಕ, ಕೈ ಮರೆಯದಿರಲು. ಪರೀಕ್ಷೆಯ ದಿನ ಪ್ರಶ್ನೆಪುಸ್ತಿಕೆ ಕೈಗೆ ಬಂದೊಡನೆ ಅದರ ಶ್ರೇಣಿಯ ಅಕ್ಷರವನ್ನು ಒಎಂಆರ್ ಹಾಳೆಯಲ್ಲಿ ತುಂಬಿ, ಉತ್ತರಿಸದ ಪ್ರಶ್ನೆಗೆ ಏನು ಮಾಡಬೇಕೆಂದು ಸೂಚನೆಗಳ ಪುಟದಲ್ಲಿ ಓದಿಕೊಂಡು, ಆಮೇಲೆ ಮೊದಲ ಪ್ರಶ್ನೆಗೆ ಹೋಗಿ.

ನಮಸ್ಕಾರ.