ಭೀಮೆಗೆ ಸಿಟ್ಟು ಬಂದರೆ ಕವಿತೆಗೆ ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ. ನದಿ, ಗಾಳಿಗಳಿಗೆ ಮನುಷ್ಯರ ನಡವಳಿಕೆ ಕೊಟ್ಟರೆ ಕವಿತೆಯ ಭಾವ ಹೇಗೆ ಬದಲಾಗುತ್ತದೆ ಅನ್ನುವುದು ಇವತ್ತಿನ ಮಾತು. ಕಲಬುರಗಿಯಲ್ಲಿ ಕೂತು ನದಿಯ ಮಾತಾಡುವಾಗ ದೂರ ಯಾಕೆ ಹೋಗಬೇಕು? ನಮ್ಮ ಭೀಮೆಯನ್ನೇ ತೆಗೆದುಕೊಳ್ಳೋಣ. ಎರಡು ಸಾಲು ಬರೆದುಕೊಂಡು ಬಂದಿದ್ದೇನೆ. ದೊಡ್ಡ ಕವಿತೆಯೇನಲ್ಲ, ಬಿಚ್ಚಿ ನೋಡಲು ಅನುಕೂಲ ಅಂತ ಅಷ್ಟೇ.

ಬೇಸಿಗೆಯಲ್ಲಿ ಭೀಮೆ ದಂಡೆಯಿಂದ ದೂರ ಹರಿಯುತ್ತದೆ,
ಮರಳಲ್ಲಿ ಒಂದು ದೋಣಿ ನಿಂತಿದೆ.

ಇದು ಬರೀ ನೋಟ. ಈಗ ಮೊದಲ ಸಾಲನ್ನಷ್ಟೇ ಬದಲಿಸುತ್ತೇನೆ.

ಬೇಸಿಗೆಯಲ್ಲಿ ಭೀಮೆ ದಂಡೆಯ ಕಣ್ಣು ತಪ್ಪಿಸಿ ಹೋಗುತ್ತಾಳೆ,
ಮರಳಲ್ಲಿ ಒಂದು ದೋಣಿ ನಿಂತಿದೆ.

‘ಹೋಗುತ್ತಾಳೆ’ ಎಂದ ಕೂಡಲೇ ನದಿ ಹೆಣ್ಣಾದಳು. ಕನ್ನಡದಲ್ಲಿ ಕ್ರಿಯಾಪದದ ಕೊನೆಯೊಂದೇ ಅದಕ್ಕೆ ಸಾಕು. ಆದರೆ ಅದರಿಂದಲೇ ಭಾವ ಹುಟ್ಟಲಿಲ್ಲ. ಅದನ್ನು ತಂದದ್ದು ‘ಕಣ್ಣು ತಪ್ಪಿಸಿ’ ಅನ್ನುವ ನಡವಳಿಕೆ. ಎರಡನೇ ಸಾಲನ್ನು ನಾವು ಮುಟ್ಟೇ ಇಲ್ಲ, ಅಲ್ವಾ? ಆದರೂ ದೋಣಿ ಈಗ ಯಾರಿಗೋ ಕಾಯುತ್ತಿರುವಂತೆ ಕಾಣುತ್ತದೆ. ಒಂದು ಸಾಲಿಗೆ ಕೊಟ್ಟ ಭಾವ ಪಕ್ಕದ ಸಾಲಿಗೂ ಇಳಿಯಿತು. ಇದಕ್ಕೆ ಹತ್ತಿರದ ಬಗೆಯನ್ನು ನಮ್ಮ ಹಳೆಯ ಅಲಂಕಾರಶಾಸ್ತ್ರ ಸಮಾಸೋಕ್ತಿ ಎಂದು ಕರೆದಿದೆ. ಕವಿ ಹೇಳುವುದು ನದಿಯ ಬಗ್ಗೆ, ಆ ನಡವಳಿಕೆಯಲ್ಲಿ ಹೊಳೆಯುವುದು ಮನುಷ್ಯರು.

ಅದೇ ಜಾಗದಲ್ಲಿ ‘ಭೀಮೆ ಅಳುತ್ತಾಳೆ’ ಎಂದು ಬರೆದು ನೋಡಿ. ಸಾಲು ಸೋಲುತ್ತದೆ. ಬೇಸಿಗೆಯಲ್ಲಿ ನೀರೇ ಕಡಿಮೆ, ಕಣ್ಣೀರು ಎಲ್ಲಿಂದ ಬರಬೇಕು? ನೀರು ದಂಡೆಯಿಂದ ಸರಿಯುವುದು ಮಾತ್ರ ನಿಜವಾಗಿ ಕಾಣುವ ಸಂಗತಿ. ‘ಕಣ್ಣು ತಪ್ಪಿಸುವುದು’ ಅದರಿಂದಲೇ ಬಂತು. ಅಳು ಕವಿಯ ಜೇಬಿನಿಂದ ಬಂತು. ಹೊಸಬರ ಕವಿತೆಗಳಲ್ಲಿ ನಾನು ಜಾಸ್ತಿ ನೋಡುವುದು ಈ ಅಳುವನ್ನೇ.

ಗಾಳಿಯ ಕಥೆ ಸ್ವಲ್ಪ ಬೇರೆ. ಅದಕ್ಕೆ ರೂಪವಿಲ್ಲ, ಅದು ಮುಟ್ಟಿದ ವಸ್ತುವಷ್ಟೇ ಕಾಣುತ್ತದೆ. ‘ಗಾಳಿ ಬಾಗಿಲು ಬಡಿಯಿತು’ ಅಂದರೆ ಸುಮ್ನೆ ಸದ್ದು. ‘ಗಾಳಿ ಬಾಗಿಲು ತಟ್ಟಿತು, ಕಾಯಿತು, ಮತ್ತೆ ತಟ್ಟಿತು’ ಅಂದರೆ ಮನೆಯೊಳಗಿನ ಒಂಟಿತನ ಕೇಳಿಸುತ್ತದೆ. ಇಲ್ಲಿ ‘ಅವಳು’, ‘ಅವನು’ ಯಾವುದೂ ಬೇಕಾಗಲಿಲ್ಲ. ತಟ್ಟುವುದರ ನಡುವಿನ ಆ ಬಿಡುವೇ ಸಾಕಾಯಿತು.

ಇನ್ನು ಸಿಟ್ಟಿನ ವಿಷಯ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಕಲಬುರಗಿ, ಯಾದಗಿರಿ ಕಡೆಯ ಊರುಗಳಿಗೆ ನುಗ್ಗಿದ್ದು ನಿಮಗೆ ನೆನಪಿರಬಹುದು. ಅದರ ಬಗ್ಗೆ ‘ಭೀಮೆ ಮುನಿದಳು’ ಎಂದು ಬರೆದರೆ ಓದುಗರಿಗೆ ಭಯ ಬರುತ್ತದೆ, ಜೊತೆಗೆ ಕೈಮುಗಿದು ಸುಮ್ಮನಾಗುವ ಮನಸ್ಸೂ ಬರುತ್ತದೆ. ಆದರೆ ಆಗ ಮಳೆಯೂ ಜೋರಿತ್ತು, ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರೂ ಬಿಟ್ಟಿದ್ದರು. ‘ಮುನಿದಳು’ ಅನ್ನುವ ಒಂದೇ ಮಾತು ಅದೆಲ್ಲವನ್ನೂ ಮುಚ್ಚಿ, ತಪ್ಪನ್ನು ನದಿಯ ತಲೆಗೆ ಕಟ್ಟುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ:

ಮೇಲಿನಿಂದ ತಳ್ಳಿದರು,
ನಿಲ್ಲಲಾಗದೆ ಭೀಮೆ ನಮ್ಮ ಮನೆಯೊಳಗೆ ಬಂದಳು.

ಇಲ್ಲೂ ಅವಳು ಹೆಣ್ಣೇ, ನೆರೆಯೂ ಅದೇ. ಆದರೆ ಈಗ ಅವಳ ಮೇಲೆ ಮರುಕ ಬರುತ್ತದೆ. ತಳ್ಳಿದವರು ಯಾರು ಅಂತ ಓದುಗರು ಕೇಳತೊಡಗುತ್ತಾರೆ.