ಮ್ಯೂನಿಕ್‌ನಲ್ಲಿ ಕೂತು ಮೈಸೂರಿನ ಮೋಟರ್ ಹಾಕುವುದು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹಲವರು ಊರಿನ ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ ಇಟ್ಟು ಬಂದಿದ್ದೀರಿ. ಅದರಲ್ಲಿ ಹೋಮ್ ಅಸಿಸ್ಟೆಂಟ್ ಓಡುತ್ತಿದೆ. ಸಂಪಿನ ಮೋಟರ್, ಗೇಟಿನ ಲೈಟು ಎಲ್ಲ ಅದರ ಕೈಯಲ್ಲಿದೆ. ಮನೆಯ ವೈಫೈನಲ್ಲಿ `192.168.1.20:8123` ಅಂತ ಹೊಡೆದರೆ ಪುಟ ಬರುತ್ತದೆ. ಮೈಸೂರಿನ ಆ ಪುಟವನ್ನು ಮ್ಯೂನಿಕ್‌ನಿಂದ ತೆರೆಯುವುದು ಹೇಗೆ?

ಎಲ್ಲರೂ ಮೊದಲು ಹೇಳುವುದು, ರೂಟರ್‌ನಲ್ಲಿ 8123 ಪೋರ್ಟ್ ತೆರೆಯಿರಿ ಅಂತ. ತೆರೆಯುವ ಮುಂಚೆ ಒಂದು ವಿಷಯ ನೋಡಿ. ರೂಟರ್‌ನ ಸ್ಟೇಟಸ್ ಪುಟದಲ್ಲಿ WAN IP ಅಂತ ಒಂದು ನಂಬರ್ ಇರುತ್ತದೆ. ಆಮೇಲೆ ಮನೆಯ ಕಂಪ್ಯೂಟರಿನಿಂದಲೇ ಗೂಗಲ್‌ನಲ್ಲಿ `what is my ip` ಅಂತ ಹುಡುಕಿ. ಎರಡೂ ಬೇರೆ ಬೇರೆ ಬಂದರೆ, ಅದರಲ್ಲೂ ರೂಟರ್‌ನದ್ದು 100.64ರಿಂದ 100.127ರ ಒಳಗೆ ಇದ್ದರೆ, ನೀವು ಸಿಜಿ-ನ್ಯಾಟ್ ಹಿಂದೆ ಇದ್ದೀರಿ. ಐಪಿವಿ4 ವಿಳಾಸಗಳು ಸಾಲದೆ ಬ್ರಾಡ್‌ಬ್ಯಾಂಡ್ ಕಂಪನಿ ಒಂದೇ ಹೊರಗಿನ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತದೆ. ಹೊರಗಿನಿಂದ ಬಂದ ಮಾತು ಕಂಪನಿಯ ಪೆಟ್ಟಿಗೆಯಲ್ಲೇ ಬಿದ್ದುಹೋಗುತ್ತದೆ, ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಸುಮ್ನೆ.

ದುಡ್ಡು ಕೊಟ್ಟು ಸ್ಟಾಟಿಕ್ ಐಪಿ ತಗೊಳ್ಳಬಹುದು. ಆದರೂ ನಾನು ಪೋರ್ಟ್ ತೆರೆಯುವುದಿಲ್ಲ. ತೆರೆದ ಪೋರ್ಟ್‌ಗಳನ್ನು ಹುಡುಕುತ್ತಾ ಇಡೀ ಇಂಟರ್ನೆಟ್ ಜಾಲಾಡುವ ಯಂತ್ರಗಳಿವೆ. ನಮ್ಮ ಮನೆಯ ಲಾಗಿನ್ ಪುಟವನ್ನು ಅವುಗಳ ಮುಂದೆ ಯಾಕೆ ಇಡಬೇಕು, ಅಲ್ವಾ?

ಸಿಜಿ-ನ್ಯಾಟ್ ತಡೆಯುವುದು ಒಳಗೆ ಬರುವ ಕರೆಯನ್ನು ಮಾತ್ರ. ಒಳಗಿಂದ ಹೊರಟ ಮಾತಿಗೆ ಬರುವ ಉತ್ತರವನ್ನು ಬಿಡುತ್ತದೆ. ಹಾಗಾಗಿ ಮನೆಯ ಪೈಯೇ ಹೊರಗೆ ಕರೆ ಮಾಡಲಿ. ಅದಕ್ಕೆ ಸ್ವಂತ ಹೊರಗಿನ ವಿಳಾಸ ಇರುವ ಒಂದು ಚಿಕ್ಕ ಬಾಡಿಗೆ ಸರ್ವರ್ ಬೇಕು. ಅದರಲ್ಲಿ ವೈರ್‌ಗಾರ್ಡ್ ಅನ್ನುವ ವಿಪಿಎನ್ ಹಾಕಿ, ಸರ್ವರ್‌ಗೆ 10.8.0.1, ಮನೆಗೆ 10.8.0.2, ನಿಮ್ಮ ಫೋನಿಗೆ 10.8.0.3 ಕೊಡಿ. ತೆರೆಯಬೇಕಾದ್ದು ಸರ್ವರ್‌ನ ಯುಡಿಪಿ 51820 ಒಂದೇ. ಸರಿಯಾದ ಕೀ ಇಲ್ಲದೆ ಬಂದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಮನೆಯ ಪೈಯಲ್ಲಿ ಸರ್ವರ್ ಬಗ್ಗೆ ಬರೆಯುವ ಭಾಗ ಇಷ್ಟು:

```
[Peer]
PublicKey = (ಸರ್ವರ್‌ನ ಪಬ್ಲಿಕ್ ಕೀ)
Endpoint = 203.0.113.10:51820
AllowedIPs = 10.8.0.0/24
PersistentKeepalive = 25
```

Endpoint ಸಾಲಿನಲ್ಲಿ ನಿಮ್ಮ ಸರ್ವರ್‌ನ ನಂಬರ್ ಹಾಕಿ. ಕೊನೆಯ ಸಾಲು ಬಿಟ್ಟರೆ ಕೆಲಸ ಕೆಡುತ್ತದೆ. ಸ್ವಲ್ಪ ಹೊತ್ತು ಏನೂ ಓಡಾಡದಿದ್ದರೆ ಕಂಪನಿಯ ಪೆಟ್ಟಿಗೆ ಈ ದಾರಿಯನ್ನು ಮರೆತುಬಿಡುತ್ತದೆ. ಅದಕ್ಕೇ 25 ಸೆಕೆಂಡಿಗೊಮ್ಮೆ ಒಂದು ಪುಟ್ಟ ಪ್ಯಾಕೆಟ್ ಕಳಿಸುತ್ತಾ ಇರಬೇಕು.

ಆಮೇಲೆ ಫೋನಿನಲ್ಲಿ `10.8.0.2:8123` ತೆರೆಯಿರಿ. 192.168.1.20 ಅಂತ ಹೊಡೆಯಬೇಡಿ. ನೀವು ಇಳಿದಿರುವ ಹೋಟೆಲಿನ ವೈಫೈ ಕೂಡ 192.168.1 ಆಗಿದ್ದರೆ ಫೋನ್ ಅಲ್ಲೇ ಹುಡುಕುತ್ತಾ ಕೂರುತ್ತದೆ.

ತೆರೆಯದಿದ್ದರೆ ಸರ್ವರ್‌ನಲ್ಲಿ `wg show` ಕೊಡಿ. ಮನೆಯ ಪೈನ ಪಬ್ಲಿಕ್ ಕೀ ಕೆಳಗೆ `latest handshake` ಎರಡು ನಿಮಿಷದ ಆಚೀಚೆ ಇದ್ದರೆ ಮನೆ ಸರ್ವರ್‌ಗೆ ಸೇರಿದೆ ಅಂತ ಅರ್ಥ. ಮನೆ, ಫೋನು ಎರಡಕ್ಕೂ ಅದು ಕಾಣಿಸುತ್ತಿದ್ದೂ ಪುಟ ಬರದಿದ್ದರೆ, ಸರ್ವರ್ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತಿಲ್ಲ. ಜಾಸ್ತಿ ಸಲ `net.ipv4.ip_forward=1` ಹಾಕುವುದು ಮರೆತಿರುತ್ತದೆ, ಇಲ್ಲವೇ ಸರ್ವರ್‌ನ ಫೈರ್‌ವಾಲ್ ತಡೆಯುತ್ತಿರುತ್ತದೆ.

ಊರಲ್ಲಿ ಕರೆಂಟ್ ಹೋಗಿ ಬಂದಾಗ ಇನ್ನೊಂದು ತಮಾಷೆ. ರಾಸ್ಪ್‌ಬೆರಿ ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಎದ್ದಾಗ ಅದು ಹಳೆಯ ಸಮಯದಲ್ಲೇ ಇರುತ್ತದೆ. ವೈರ್‌ಗಾರ್ಡ್ ಪ್ರತಿ ಹ್ಯಾಂಡ್‌ಶೇಕ್‌ನಲ್ಲೂ ಸಮಯ ಬರೆದು ಕಳಿಸುತ್ತದೆ. ಹಿಂದಿನದಕ್ಕಿಂತ ಹಳೆಯ ಸಮಯ ಕಂಡರೆ ಸರ್ವರ್ ತಿರಸ್ಕರಿಸುತ್ತದೆ. ಪೈ ಇಂಟರ್ನೆಟ್‌ನಿಂದ ಸಮಯ ಸರಿ ಮಾಡಿಕೊಂಡ ಮೇಲೆ ತಾನಾಗಿಯೇ ಸೇರಿಕೊಳ್ಳುತ್ತದೆ. ಆದರೆ AllowedIPsನಲ್ಲಿ 0.0.0.0/0 ಹಾಕಿದ್ದರೆ ಸಮಯ ಕೇಳುವ ಮಾತೂ ವಿಪಿಎನ್ ಒಳಗೇ ಹೋಗಬೇಕು. ವಿಪಿಎನ್ ಏಳಲು ಸಮಯ ಬೇಕು, ಸಮಯ ಸಿಗಲು ವಿಪಿಎನ್ ಬೇಕು. ಎರಡೂ ಆಗುವುದಿಲ್ಲ. ಮೇಲೆ ನಾನು ಬರೀ 10.8.0.0/24 ಬರೆದದ್ದು ಇದಕ್ಕೇ.

ಸರ್ವರ್ ನೋಡಿಕೊಳ್ಳುವುದು ಬೇಡ ಅನ್ನುವವರಿಗೆ ಟೈಲ್‌ಸ್ಕೇಲ್ ಇದೆ, ಅದರ ಒಳಗೂ ವೈರ್‌ಗಾರ್ಡೇ ಇರುವುದು. ಮನೆಯ ಪೈಗೆ ಮಾತ್ರ ಅದರ ಕೀ ಎಕ್ಸ್‌ಪೈರಿ ಆಫ್ ಮಾಡಿ. ಇಲ್ಲದಿದ್ದರೆ 180 ದಿನಕ್ಕೆ ಮತ್ತೆ ಲಾಗಿನ್ ಕೇಳುತ್ತದೆ, ಆಗ ಮನೆಯಲ್ಲಿ ಯಾರಿರುತ್ತಾರೆ?

ಇದನ್ನೆಲ್ಲ ಊರಲ್ಲಿ ಇರುವಾಗಲೇ ಪರೀಕ್ಷಿಸಿ. ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ತೆರೆಯಿರಿ. ಪೈನ ಪ್ಲಗ್ ಕಿತ್ತು, ಮತ್ತೆ ಚುಚ್ಚಿ, ಪುಟ ತೆರೆಯಿರಿ. ಮೋಟರ್ ಹಾಕಿದ ಮೇಲೆ ಮನೆಯ ಇಂಟರ್ನೆಟ್ ತೆಗೆದು ನೋಡಿ. ಟ್ಯಾಂಕ್ ತುಂಬಿದಾಗ ಮೋಟರ್ ನಿಲ್ಲಿಸುವುದು ಮ್ಯೂನಿಕ್‌ನ ಫೋನ್ ಆಗಬಾರದು, ಟ್ಯಾಂಕಿನ ಫ್ಲೋಟ್ ಸ್ವಿಚ್ ಆಗಬೇಕು.