ರಾತ್ರಿ ಒಂಬತ್ತೂವರೆಗೆ ಅಕೌಂಟ್ ಬಂದ್ ಅಂತೆ!

ಎಲ್ರಿಗೂ ನಮಸ್ಕಾರ. ಮದ್ದೂರಲ್ಲಿ ನಮ್ ಸೋದರಮಾವ ಕಬ್ಬು ಬೆಳೀತಾರೆ, ಆಗ್ತಾನೆ ಕಬ್ಬಿನ ದುಡ್ಡು ಅಕೌಂಟಿಗೆ ಬಿದ್ದಿತ್ತು. ಒಂದು ಶನಿವಾರ ಸಂಜೆ ವಾಟ್ಸಾಪ್‌ಗೆ ಮೆಸೇಜು, ನಿಮ್ಮ ಕೆವೈಸಿ ಮುಗಿದಿದೆ, ರಾತ್ರಿ ಒಂಬತ್ತೂವರೆ ಒಳಗೆ ಅಪ್‌ಡೇಟ್ ಮಾಡ್ದಿದ್ರೆ ಅಕೌಂಟ್ ಬಂದ್, ಕೆಳಗೊಂದು ಲಿಂಕು. ಶನಿವಾರ ಸಂಜೆ ಯಾಕೆ ಅಂತೀರಾ? ಸೋಮವಾರದ ತನಕ ಬ್ಯಾಂಕಿಗೆ ಹೋಗಿ ಕೇಳೋಕಾಗಲ್ವಲ್ಲ, ಅದಕ್ಕೇ.

ಮಾವ ಲಿಂಕ್ ಒತ್ತಿದ್ರು. KYC_Update.apk ಅಂತ ಒಂದು ಫೈಲ್ ಇಳೀತು. ಇದು ಅಪಾಯ ಇರಬಹುದು ಅಂತ ಫೋನೇ ಎಚ್ಚರಿಸ್ತು, ಗಡಿಯಾರ ನೋಡ್ಕೊಂಡು ಕೂತವ್ರಿಗೆ ಅದೆಲ್ಲಿ ಕಾಣುತ್ತೆ, ಓಕೆ ಓಕೆ ಅಂತ ಒತ್ತುತ್ತಾ ಹೋದ್ರು. ಆಪ್ ತೆರೆದ್ರೆ ಥೇಟ್ ಬ್ಯಾಂಕಿನ ಲೋಗೋನೇ. ಮೆಸೇಜ್ ಓದೋಕೆ ಪರ್ಮಿಷನ್ ಕೇಳ್ತು, ಕೊಟ್ರು. ಎಟಿಎಂ ಕಾರ್ಡ್ ನಂಬರು, ಪಿನ್ನು ಕೇಳ್ತು, ಅದನ್ನೂ ಹಾಕಿದ್ರು. ಆಮೇಲೆ ಸ್ಕ್ರೀನ್ ಮೇಲೆ ಚಕ್ರ ತಿರುಗ್ತಾನೇ ಇತ್ತು.

"ನಾನ್ ಯಾರ್ಗೂ ಓಟಿಪಿ ಹೇಳೇ ಇಲ್ವಲ್ಲೋ" ಅಂತ ಈಗ್ಲೂ ಅಂತಾರೆ. ನಿಜಾನೇ, ಹೇಳೋ ಕೆಲಸಾನೇ ಇರ್ಲಿಲ್ಲ. ಮೆಸೇಜ್ ಓದೋ ಪರ್ಮಿಷನ್ ಸಿಕ್ಕಿದ್ಮೇಲೆ ಫೋನಿಗೆ ಬಂದ ಓಟಿಪಿನ ಆ ಆಪೇ ಓದಿ ಕಳ್ಳನಿಗೆ ಕಳಿಸಿಬಿಡುತ್ತೆ. ಎರಡು ಸಲಕ್ಕೆ ಹದಿನೆಂಟು ಸಾವಿರ ಹೋಯ್ತು.

ಮಗಳು ಗಟ್ಟಿಗಿತ್ತಿ, ಬಂದವಳೇ ಆ ಫೋನಿನ ಡೇಟಾ, ವೈಫೈ ಎರಡೂ ಆಫ್ ಮಾಡಿದ್ಳು, ಬೇರೆ ಫೋನಿಂದ ಕಾರ್ಡ್ ಹಿಂದಿದ್ದ ನಂಬರಿಗೆ ಮಾಡಿ ಬ್ಲಾಕ್ ಮಾಡಿಸಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕಂಪ್ಲೇಂಟ್ ಕೊಟ್ಳು. ಬೇಗ ಹೇಳಿದ್ರೆ ದುಡ್ಡು ಹೋಗಿ ಬಿದ್ದ ಅಕೌಂಟಲ್ಲೇ ಅದನ್ನ ತಡೆಹಿಡಿಯೋಕೆ ನೋಡ್ತಾರೆ, ಕಳ್ಳರು ಡ್ರಾ ಮಾಡ್ಕೊಂಡ್ಮೇಲೆ ಕಷ್ಟ. ಇನ್ನೊಂದು ವಿಷ್ಯ, ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ ಪಿನ್ನು ಗಿನ್ನು ನಾವೇ ಕೊಟ್ಟಿದ್ರೆ, ಬ್ಯಾಂಕಿಗೆ ತಿಳಿಸೋಕೆ ಮುಂಚೆ ಹೋದ ದುಡ್ಡು ನಮ್ ತಲೆ ಮೇಲೇ, ತಿಳಿಸಿದ್ಮೇಲೆ ಹೋದ್ರೆ ಬ್ಯಾಂಕಿನ ಹೊಣೆ. ಹಂಗಾಗಿ ನಾಚ್ಕೊಂಡು ಬೆಳಗ್ಗೆ ತನಕ ಬಾಯ್ಮುಚ್ಕೊಂಡು ಕೂರೋದೇ ದೊಡ್ಡ ನಷ್ಟ.

ಹಂಗಾದ್ರೆ ನಿಜವಾದ ಕೆವೈಸಿ ಹೆಂಗೆ ಬರುತ್ತೆ? ಆಮೆ ನಡಿಗೇಲಿ. ನಮ್ಮಂತ ಸಾಮಾನ್ಯ ಖಾತೆಗಳಿಗೆ ಹೆಚ್ಚಾಗಿ ಹತ್ತು ವರ್ಷಕ್ಕೊಂದ್ಸಲ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ನಿಯಮದಂತೆ ಗಡುವಿಗೆ ಮುಂಚೆ ಕನಿಷ್ಠ ಮೂರು ಸಲ ತಿಳಿಸಬೇಕು, ಅದ್ರಲ್ಲಿ ಒಂದಾದ್ರೂ ಕಾಗದದ ಮೇಲಿನ ಪತ್ರ ಆಗಿರ್ಬೇಕು, ಗಡುವು ಮುಗಿದ್ಮೇಲೂ ಇನ್ನೂ ಮೂರು ಸಲ ನೆನಪಿಸ್ಬೇಕು. ನಿಮ್ಮ ವಿವರ ಏನೂ ಬದಲಾಗಿಲ್ಲ ಅಂದ್ರೆ, ಬದಲಾಗಿಲ್ಲ ಅಂತ ನೀವೇ ಘೋಷಣೆ ಕೊಟ್ರೆ ಸಾಕು. ಇದ್ರಲ್ಲಿ ಎಟಿಎಂ ಪಿನ್ನಿಗೆ ಏನ್ ಕೆಲ್ಸ ಹೇಳಿ! ವ್ಯಾಲೆಟ್ಟಿನವ್ರಾದ್ರೂ ಅಷ್ಟೇ, ನೀವೇ ಆಪ್ ತೆರೆದು ನೋಡಿ, ಬಾಕಿ ಇದ್ರೆ ಅಲ್ಲೇ ತೋರಿಸುತ್ತೆ, ಲಿಂಕ್ ಮುಟ್ಟೋ ಪ್ರಮೇಯಾನೇ ಇಲ್ಲ.

ಸೋಮವಾರ ಮಾವ ಪಾಸ್‌ಬುಕ್ ಹಿಡ್ಕೊಂಡು ಬ್ರಾಂಚಿಗೆ ಹೋದ್ರು. ಕೌಂಟರಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ ಅಂದ್ಳಂತೆ, "ಯಜಮಾನ್ರೇ, ನಿಮ್ ಕೆವೈಸಿ 2031ರ ತನಕ ಇದೆ".